ಪಾಪ್ ರಿವೆಟ್‌ನಿಂದ ತಗಡು ಜೋಡಿಸುವುದು: ಉದ್ದವನ್ನು ಗೊತ್ತುಮಾಡಿಕೊಳ್ಳುವ ಬಗೆ

ಚೌಕ ಪೈಪಿನ ಗೇಟಿಗೆ ತಗಡು ಹೊದಿಸುವಾಗ ಪೈಪಿನ ಒಳಗೆ ಕೈ ಹೋಗುವುದಿಲ್ಲವಾದ್ದರಿಂದ ನಟ್ಟು ಹಾಕಿ ಬಿಗಿಯುವಂತಿಲ್ಲ. ವೆಲ್ಡಿಂಗ್ ಮಾಡಹೋದರೆ ತೆಳು ತಗಡು ತೂತು ಬೀಳುತ್ತದೆ, ಜಿಐ ಲೇಪನವೂ ಸುಟ್ಟುಹೋಗುತ್ತದೆ. ಇಂಥಲ್ಲಿ ಒಂದೇ ಬದಿಯಿಂದ ಕೂರಿಸಬಹುದಾದ ಪಾಪ್ ರಿವೆಟ್ ಅನುಕೂಲ. ಅದರ ಟೊಳ್ಳು ಕೊಳವೆಯೊಳಗೆ ಗುಂಡುತಲೆಯ ಉಕ್ಕಿನ ಕಡ್ಡಿಯೊಂದಿರುತ್ತದೆ. ರಿವೆಟ್ ಗನ್ ಆ ಕಡ್ಡಿಯನ್ನು ಎಳೆದಾಗ ಗುಂಡುತಲೆಯು ಕೊಳವೆಯ ಹಿಂತುದಿಯನ್ನು ಅರಳಿಸಿ ತಗಡಿಗೆ ಒತ್ತುತ್ತದೆ. ಬಿಗಿ ಸಾಕಷ್ಟಾದಾಗ ಕಡ್ಡಿ ತುಂಡಾಗುತ್ತದೆ. ಅರಳುವ ಈ ಭಾಗಕ್ಕೆ ಎಷ್ಟು ಲೋಹ ಉಳಿಯಬೇಕು ಎಂಬುದೇ ಉದ್ದದ ಲೆಕ್ಕದ ತಿರುಳು.

ಒಂದು ಗೇಟನ್ನೇ ಉದಾಹರಣೆಯಾಗಿ ನೋಡೋಣ. ತಗಡಿನ ದಪ್ಪ 0.8 ಮಿ.ಮೀ., ಪೈಪಿನ ಗೋಡೆ 2 ಮಿ.ಮೀ. ಎರಡು ತಗಡುಗಳು ಒಂದರ ಮೇಲೊಂದು ಬರುವ ಜಾಗದಲ್ಲಿ ಒಟ್ಟು ದಪ್ಪ 1.6 ಮಿ.ಮೀ.; ಅದೇ ಜೋಡಣೆ ಪೈಪಿನ ಮೇಲೆ ಹಾದುಹೋಗುವಲ್ಲಿ 3.6 ಮಿ.ಮೀ. ತಗಡಿನ ಅಂಚಿನಲ್ಲಿ ಕತ್ತರಿಯ ಮುಳ್ಳು ಎದ್ದಿರುವುದರಿಂದ ದಪ್ಪವನ್ನು ಅಂಚಿನಿಂದ ತುಸು ಒಳಗೆ, ವರ್ನಿಯರ್‌ನಿಂದ ಅಳೆಯಬೇಕು.

ಈ ತಗಡಿಗೆ 3.2 ಮಿ.ಮೀ. ವ್ಯಾಸದ ರಿವೆಟ್ ಸಾಕು. ಒಟ್ಟು ದಪ್ಪಕ್ಕೆ ವ್ಯಾಸದ ಒಂದೂವರೆ ಪಟ್ಟನ್ನು, ಅಂದರೆ 4.8 ಮಿ.ಮೀ. ಕೂಡಿಸಿದರೆ ಅಂದಾಜು ಉದ್ದ ಸಿಗುತ್ತದೆ: ತಗಡಿಗೆ ತಗಡು ಸೇರುವಲ್ಲಿ 6.4, ಪೈಪಿನ ಮೇಲೆ 8.4. ಅಂಗಡಿಯಲ್ಲಿ ದಶಮಾಂಶದ ಲೆಕ್ಕಕ್ಕೆ ಸರಿಹೊಂದುವ ರಿವೆಟ್ ಸಿಗುವುದಿಲ್ಲವಾದ್ದರಿಂದ ಕೊನೆಯ ಮಾತು ಡಬ್ಬಿಯ ಮೇಲಿನ, ರಿವೆಟ್ ಬಿಗಿಯಬಲ್ಲ ಒಟ್ಟು ದಪ್ಪದ ಮಿತಿಯನ್ನು ಹೇಳುವ ಗ್ರಿಪ್ ರೇಂಜ್‌ನದು. ಆರು ಮಿ.ಮೀ. ರಿವೆಟ್‌ನ ಡಬ್ಬಿಯಲ್ಲಿ 1.5ರಿಂದ 3.5 ಎಂದೂ ಎಂಟರ ಡಬ್ಬಿಯಲ್ಲಿ 3.5ರಿಂದ 5 ಎಂದೂ ಇದ್ದರೆ, ಮೊದಲನೆಯ ಜಾಗಕ್ಕೆ ಆರು, ಪೈಪಿನ ಮೇಲಿನ ಎರಡು ತಗಡಿನ ಜೋಡಣೆಗೆ ಎಂಟು. ಒಂದೇ ಗೇಟಿಗೆ ಎರಡು ಅಳತೆ ಕೊಳ್ಳುವುದು ಕಿರಿಕಿರಿ ಎನಿಸಿದರೂ ಉದ್ದದ್ದನ್ನೇ ಎಲ್ಲೆಡೆ ಹಾಕಿ ಮುಗಿಸುವ ರೂಢಿ ಒಳ್ಳೆಯದಲ್ಲ: ಹೆಚ್ಚುವರಿ ಕೊಳವೆ ತಗಡಿನ ಹಿಂದೆ ಸೊಟ್ಟಗೆ ಮಡಚಿಕೊಳ್ಳುತ್ತದೆ, ಕಡ್ಡಿ ತುಂಡಾದ ಮೇಲೂ ತಗಡು ಸಡಿಲವಾಗಿಯೇ ಉಳಿಯಬಹುದು. ಗಿಡ್ಡದ್ದಾದರೆ ಅರಳಲು ಲೋಹ ಸಾಲದೆ, ಜೋರಾಗಿ ಎಳೆದಾಗ ರಿವೆಟ್ ತೂತಿನಿಂದ ಕಿತ್ತುಬರುತ್ತದೆ.

ತಗಡುಗಳನ್ನು ಕ್ಲಾಂಪಿನಿಂದ ಬಿಗಿದು, ಅಂಚಿನಿಂದ ಕನಿಷ್ಠ ವ್ಯಾಸದ ಎರಡು ಪಟ್ಟು, ಅಂದರೆ ಸುಮಾರು 6.5 ಮಿ.ಮೀ. ಒಳಗೆ ಗುರುತು ಹಾಕಿ. ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದ ಮೇಲೆ 3.3 ಮಿ.ಮೀ. ಬಿಟ್‌ನಿಂದ ಎಲ್ಲ ಪದರಗಳನ್ನೂ ಒಟ್ಟಿಗೆ ಕೊರೆಯಿರಿ. ತೂತು ಇದಕ್ಕಿಂತ ಅಗಲವಾದರೆ ರಿವೆಟ್ ಓರೆಯಾಗಿ ಕೂರುತ್ತದೆ. ಮೊದಲು ಒಂದು ತುದಿ, ಆಮೇಲೆ ಇನ್ನೊಂದು ತುದಿ, ಬಳಿಕ ನಡುವೆ, ಕೊನೆಗೆ ಉಳಿದ ತೂತುಗಳು. ಈ ಕ್ರಮದಲ್ಲಿ ಕೊರೆದು ಆಗಾಗಲೇ ರಿವೆಟ್ ಹೊಡೆಯುತ್ತ ಹೋದರೆ ತೂತುಗಳು ಸಾಲು ತಪ್ಪುವುದಿಲ್ಲ.

ಆದರೆ ಕೊರೆದ ಕೂಡಲೇ, ತೂತನ್ನು ಸ್ವಚ್ಛಮಾಡದೆ, ರಿವೆಟ್ ತುರುಕುವ ಆತುರ ಬೇಡ. ಸಾಧ್ಯವಿರುವ ಕಡೆ ಕ್ಲಾಂಪ್ ಸಡಿಲಿಸಿ, ಪದರಗಳ ನಡುವಿನ ಲೋಹದ ಪುಡಿಯನ್ನು ತೆಗೆದು, ದಪ್ಪನೆಯ ಬಿಟ್ಟೊಂದನ್ನು ಕೈಯಲ್ಲೇ ಹಿಡಿದು ತೂತಿನ ಬಾಯಿಯಲ್ಲಿ ಎರಡು ಸುತ್ತು ತಿರುಗಿಸಿದರೆ ಮುಳ್ಳು ಹೋಗುತ್ತದೆ. ಪದರಗಳ ನಡುವೆ ಸಂದು ಉಳಿದರೆ ಕೊಳವೆ ಆ ಸಂದಿನೊಳಗೇ ಉಬ್ಬಿಕೊಳ್ಳುತ್ತದೆ. ಆಮೇಲೆ ಎಷ್ಟು ಎಳೆದರೂ ತಗಡುಗಳು ಹತ್ತಿರ ಬರುವುದಿಲ್ಲ. ಸರಿಯಾದ ಉದ್ದದ ರಿವೆಟ್ ಹಾಕಿಯೂ ಗೇಟು ಗಡಗಡ ಎನ್ನುವುದಕ್ಕೆ ಬಹುಪಾಲು ಕಾರಣ ಇದೇ.

ಕಡ್ಡಿಯ ದಪ್ಪಕ್ಕೆ ಹೊಂದುವ ಮೂತಿಯನ್ನು ಗನ್‌ಗೆ ಕಟ್ಟಿ, ಕನ್ನಡಕ ಹಾಕಿಕೊಂಡು, ರಿವೆಟ್‌ನ ತಲೆ ತಗಡಿಗೆ ಸಂದಿಲ್ಲದೆ ಅಂಟುವಂತೆ ನೇರವಾಗಿ ಒತ್ತಿಹಿಡಿದು ಹಿಡಿಕೆ ಹಿಸುಕಿ. ಟಪ್ಪೆಂದು ಕಡ್ಡಿ ತುಂಡಾಗುವವರೆಗೆ ಒತ್ತಡ ಸಡಿಲಿಸಬಾರದು. ತುಂಡಾದ ಕಡ್ಡಿಗಳನ್ನು ಆಗಲೇ ಡಬ್ಬಿಗೆ ಹಾಕಿಕೊಳ್ಳಿ. ಗೇಟಿನ ಮುಂದೆ ಬಿದ್ದವು ಸ್ಕೂಟರಿನ ಟೈರಿನಲ್ಲೇ ಮತ್ತೆ ಸಿಗುತ್ತವೆ.

ಪರೀಕ್ಷೆಗೆ ರಿವೆಟ್‌ನ ತಲೆಯನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡಿ. ಅದು ತಿರುಗಿದರೆ, ಇಲ್ಲವೇ ತಲೆಯ ಕೆಳಗೆ ಉಗುರು ತೂರಿದರೆ ಅದನ್ನು ತೆಗೆಯಲೇಬೇಕು. ಉಳಿದ ಕಡ್ಡಿಯ ತುಂಡನ್ನು ಸಣ್ಣ ಪಂಚ್‌ನಿಂದ ಹಿಂದಕ್ಕೆ ತಳ್ಳಿ, 3.3ರ ಬಿಟ್‌ನಿಂದಲೇ ತಲೆಯನ್ನು ಕೊರೆದರೆ ಅದು ಬಳೆಯಂತೆ ಕಳಚಿಬರುತ್ತದೆ. ಅಷ್ಟರಲ್ಲಿ ತೂತು ಅಗಲವಾಗಿದ್ದರೆ ಅದನ್ನು 4.1ಕ್ಕೆ ಹಿಗ್ಗಿಸಿ 4 ಮಿ.ಮೀ. ರಿವೆಟ್ ಹಾಕಬಹುದು. ಆದರೆ ವ್ಯಾಸ ಬದಲಾದಾಗ ಅದೇ ಉದ್ದದ ರಿವೆಟ್‌ನ ಗ್ರಿಪ್ ರೇಂಜ್ ಕೂಡ ಬೇರೆಯಾಗುವುದರಿಂದ, ಆ ಡಬ್ಬಿಯ ಮೇಲಿನ ಅಂಕಿಯನ್ನು ಹೊಸದಾಗಿ ನೋಡಿಕೊಳ್ಳಬೇಕು.