ಯುಪಿಐ ನಾಲ್ಕು ತಾಸು ಇರಲ್ಲ: ಗಿರಾಕಿ ಗಾಬರಿಯಾಗದ ಹಾಗೆ ಚೀಟಿ ಬರೆಯುವುದು ಹೇಗೆ?

2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಕಂಡಿತ್ತು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದ್ದಕ್ಕೆ ಸಣ್ಣ ವ್ಯಾಪಾರಿಗಳು ಹಾಗೆ ಮಾಡಿದ್ದರು. ಬ್ಯಾಂಕಿನ ಸರ್ವರ್ ಕೆಲಸಕ್ಕೆಂದು ನೀವೂ ಅದೇ ಮಾತು ಬರೆದು ಅಂಟಿಸಿದರೆ ಜನ ಅದನ್ನೇ ನೆನೆಸಿಕೊಳ್ಳುತ್ತಾರೆ. ಅದಕ್ಕೇ ಚೀಟಿಯಲ್ಲಿ ‘ಇಲ್ಲ’ ಅನ್ನುವುದಕ್ಕಿಂತ ಮೊದಲು ‘ಏನಿದೆ’ ಅನ್ನುವುದು ಬರಬೇಕು.

ರಾತ್ರಿಯೆಲ್ಲ ತೆರೆದಿರುವ ಒಂದು ಮೆಡಿಕಲ್ ಶಾಪ್ ಅಂದುಕೊಳ್ಳಿ. ಬ್ಯಾಂಕಿನಿಂದ ಮೆಸೇಜ್ ಬಂದಿದೆ: ಭಾನುವಾರ ಬೆಳಗಿನ ಜಾವ 12ರಿಂದ 4ರವರೆಗೆ ಯುಪಿಐ ಸೇವೆ ಇರುವುದಿಲ್ಲ. ಇಲ್ಲೇ ಮೊದಲ ಗೊಂದಲ. ‘ಭಾನುವಾರ ರಾತ್ರಿ 12’ ಎಂದು ಬರೆದರೆ ಅರ್ಧ ಜನ ಮರುದಿನದ ರಾತ್ರಿ ಅಂದುಕೊಳ್ಳುತ್ತಾರೆ. ‘ಶನಿವಾರ ರಾತ್ರಿ 12ರಿಂದ ಭಾನುವಾರ ಬೆಳಗಿನ ಜಾವ 4ರವರೆಗೆ’ ಎಂದು ತಾರೀಖು ಸಮೇತ ಬರೆಯಿರಿ.

ಮುಂದಿನ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಂತಿರುವುದು ಯಾರ ಸರ್ವರ್ ಎಂದು ನೋಡಿಕೊಳ್ಳಬೇಕು. ನಿಮ್ಮ ಬ್ಯಾಂಕಿನದೇ ಆದರೆ, ಆ ಬ್ಯಾಂಕ್ ಕೊಟ್ಟ ಕ್ಯೂಆರ್‌ಗೆ ಗಿರಾಕಿ ಯಾವ ಆ್ಯಪ್‌ನಿಂದ ಹಾಕಿದರೂ ದುಡ್ಡು ಬರುವುದಿಲ್ಲ. ‘ಬೇರೆ ಆ್ಯಪ್ ಟ್ರೈ ಮಾಡಿ’ ಎಂದು ಬರೆದರೆ ಸುಮ್ನೆ ಅವರ ಹೊತ್ತು ಹಾಳು. ಬೇರೆ ಬ್ಯಾಂಕಿನ ಖಾತೆಯ ಕ್ಯೂಆರ್ ಇದ್ದರೆ ಅದು ನಡೆಯುತ್ತದೆ. ಯುಪಿಐ ಲೈಟ್ ಕೂಡ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗಿರಾಕಿಯ ಬ್ಯಾಂಕ್ ನಿಂತಾಗ ಅದು ಕೈಹಿಡಿಯುತ್ತದೆ, ಯಾಕೆಂದರೆ ಹಣ ಮೊದಲೇ ಅವರ ಫೋನಿನ ಲೈಟ್ ಖಾತೆಗೆ ಬಂದಿರುತ್ತದೆ. ಆದರೆ ಪಡೆಯುವ ಬ್ಯಾಂಕ್ ಎಚ್ಚರವಾಗಿರಲೇಬೇಕಲ್ವಾ? ಕಾರ್ಡ್ ಸ್ವೈಪ್ ಮಷಿನ್ ಅದೇ ಬ್ಯಾಂಕಿನದಾಗಿದ್ದರೆ, ಅದೂ ನಿಲ್ಲುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ನಗದು ಅಂತೂ ಇದ್ದೇ ಇದೆ. ಅದಕ್ಕೆ ಶುಕ್ರವಾರವೇ ಹತ್ತು, ಇಪ್ಪತ್ತು, ಐವತ್ತರ ನೋಟು ತಂದಿಟ್ಟುಕೊಳ್ಳಿ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಎಂಬತ್ತು ರೂಪಾಯಿ ಮಾತ್ರೆಗೆ ಐನೂರರ ನೋಟು ಬಂದಾಗ ಚಿಲ್ಲರೆ ಇಲ್ಲ ಅಂದರೆ, ಚೀಟಿಯಲ್ಲಿ ‘ನಗದು ಕೊಡಬಹುದು’ ಎಂದು ಬರೆದದ್ದೇ ಸುಳ್ಳಾಗುತ್ತದೆ.

ಇಷ್ಟು ಖಚಿತವಾದ ಮೇಲೆ ಚೀಟಿ ಬರೆಯುವುದು ಸುಲಭ. ಹೀಗಿರಲಿ:

“ಅಂಗಡಿ ರಾತ್ರಿಯೆಲ್ಲ ಎಂದಿನಂತೆ ತೆರೆದಿರುತ್ತದೆ. ಶನಿವಾರ ರಾತ್ರಿ 12ರಿಂದ ಭಾನುವಾರ ಬೆಳಗಿನ ಜಾವ 4ರವರೆಗೆ ನಗದು ಕೊಡಬಹುದು, ಕಾರ್ಡ್ ಸ್ವೈಪ್ ಮಾಡಬಹುದು, ಇಲ್ಲವೇ ಕೌಂಟರ್ ಮೇಲಿನ ನೀಲಿ ಸ್ಟ್ಯಾಂಡಿನ ಕ್ಯೂಆರ್‌ಗೆ ಹಾಕಬಹುದು. ನಮ್ಮ ಬ್ಯಾಂಕಿನಲ್ಲಿ ಸರ್ವರ್ ಕೆಲಸ ಇರುವುದರಿಂದ ಗೋಡೆಯ ಮೇಲಿನ ಕ್ಯೂಆರ್ ಆ ಹೊತ್ತಿನಲ್ಲಿ ನಡೆಯುವುದಿಲ್ಲ. ನಿಮ್ಮ ಖಾತೆಗೆ ಇದರಿಂದ ಏನೂ ತೊಂದರೆ ಇಲ್ಲ. ಹಣ ಕಟ್ ಆಗಿ ನಮಗೆ ಬಾರದಿದ್ದರೆ ಕೌಂಟರ್‌ನಲ್ಲಿ ಹೇಳಿ, ಬರೆದುಕೊಳ್ಳುತ್ತೇವೆ.”

ಇದರಲ್ಲಿ ‘ಕ್ಷಮಿಸಿ’, ‘ತುರ್ತು’, ‘ಎಚ್ಚರಿಕೆ’ ಯಾವುದೂ ಇಲ್ಲ. ಕೆಂಪು ಅಕ್ಷರವೂ ಬೇಡ. ಲಿಂಕ್ ಅಂತೂ ಬೇಡವೇ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೂ ಬರೀ ಅಕ್ಷರ ಸಾಕು, ಯಾಕೆಂದರೆ ಇಂಥ ಹೊತ್ತಿನಲ್ಲೇ ‘ರೀಫಂಡ್ ಕೊಡ್ತೀವಿ, ಪಿನ್ ಹಾಕಿ’ ಎನ್ನುವ ಮೋಸದ ಕರೆಗಳಿಗೆ ಜನ ಸಿಕ್ಕಿಬೀಳುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ ಎಂಬ ಒಂದು ಸಾಲು ಸೇರಿಸಿದರೆ ಒಳ್ಳೆಯದೇ.

ಗಾಬರಿ ನಿಜವಾಗಿ ಹುಟ್ಟುವುದು ದುಡ್ಡು ಮಧ್ಯದಲ್ಲಿ ಸಿಕ್ಕಿಕೊಂಡಾಗ. ಚೀಟಿ ನೋಡದೆ ಯಾರೋ ಗೋಡೆಯ ಕ್ಯೂಆರ್‌ಗೆ 640 ರೂಪಾಯಿ ಹಾಕುತ್ತಾರೆ. ಅವರ ಖಾತೆಯಿಂದ ಹಣ ಹೋಗಿದೆ, ನಿಮ್ಮ ಸೌಂಡ್‌ಬಾಕ್ಸ್ ಸದ್ದಿಲ್ಲ, ಅವರ ಆ್ಯಪ್‌ನಲ್ಲಿ ‘ಪೆಂಡಿಂಗ್’ ಎಂದಿದೆ. ಮತ್ತೆ ಅದೇ ಕ್ಯೂಆರ್‌ಗೆ ಹಾಕಲು ಬಿಡಬೇಡಿ. ಅವರ ಆ್ಯಪ್‌ನಲ್ಲಿರುವ 12 ಅಂಕಿಯ ಯುಟಿಆರ್ ನಂಬರ್, ಮೊತ್ತ, ಸಮಯ, ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಅವರು ನಗದು ಕೊಟ್ಟು ಔಷಧ ಒಯ್ದ ಮೇಲೆ ಆ 640 ನಿಮಗೇ ಬಂದರೆ, ವಾಪಸ್ ಕೊಡುವುದು ನಿಮ್ಮ ಕೆಲಸ. ನಿಮಗೆ ಬಾರದಿದ್ದರೆ ಬ್ಯಾಂಕೇ ಹಿಂದಿರುಗಿಸಬೇಕು. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ಅಂಗಡಿಗೆ ಮಾಡಿದ ಪಾವತಿ ಹೀಗೆ ಕೈಕೊಟ್ಟರೆ ವಹಿವಾಟಿನ ದಿನದ ನಂತರದ 5 ದಿನದೊಳಗೆ ಹಣ ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೌಂಟರ್‌ನಲ್ಲಿರುವ ಹುಡುಗನಿಗೆ ಈ ಎರಡು ಅಂಕಿ ಬಾಯಿಪಾಠ ಇರಲಿ.

ಮೊದಲೇ ಹೇಳದೆ ಬರುವ ಅಡಚಣೆಯ ಮಾತು ಬೇರೆ. 2025ರ ಏಪ್ರಿಲ್ 12ರಂದು ದೇಶದ ತುಂಬ ಯುಪಿಐ ತಡವರಿಸಿತ್ತು. ಹಾಗಾದಾಗ ಎರಡನೇ ಕ್ಯೂಆರ್ ನೆಚ್ಚಿಕೊಳ್ಳುವಂತಿಲ್ಲ. ನಗದು, ಕಾರ್ಡ್, ಪರಿಚಯದವರಿಗೆ ಖಾತೆ ಬರೆಯುವುದು, ಇಷ್ಟೇ ದಾರಿ. ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಎಂದು ಊಹಿಸಿ ಬರೆಯಬೇಡಿ. ‘ಸದ್ಯಕ್ಕೆ ಯುಪಿಐ ನಿಧಾನ, ನಗದು ಮತ್ತು ಕಾರ್ಡ್ ನಡೆಯುತ್ತದೆ’ ಎಂದರೆ ಸಾಕು.

ನಾಲ್ಕು ಗಂಟೆ ಹೊಡೆದ ತಕ್ಷಣ ಚೀಟಿ ಕೀಳಬೇಡಿ. ಬೇರೆ ಫೋನಿನಿಂದ ಗೋಡೆಯ ಕ್ಯೂಆರ್‌ಗೆ ಒಂದು ರೂಪಾಯಿ ಹಾಕಿ, ಅದು ಖಾತೆಗೆ ಬಂದದ್ದನ್ನು ನೋಡಿ, ಆಮೇಲೆ ತೆಗೆಯಿರಿ.