ಹನ್ನೊಂದೂವರೆಯ ಕಾರ್ಟಿಸಾಲ್

"ಡಾಕ್ಟ್ರೇ, 19 ಇದ್ದದ್ದು 10ಕ್ಕೆ ಇಳೀತು. ನಿಮ್ಮ ಕ್ಯಾಪ್ಸೂಲ್ ಭಾರಿ ಕೆಲಸ ಮಾಡ್ತು ಮಾರಾಯ್ರೆ!"

ಜೂನ್ ತಿಂಗಳ ಜಡಿಮಳೆಯಲ್ಲಿ, ನೆನೆದ ಛತ್ರಿಯನ್ನು ಬಾಗಿಲಿಗೆ ಒರಗಿಸಿ ಅವರು ಲ್ಯಾಬ್ ಚೀಟಿ ಮುಂದೆ ಚಾಚಿದರು. ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು, 48 ವರ್ಷ. ಚೀಟಿ ನೋಡಿ ನನಗೂ ಒಂದು ಕ್ಷಣ ಖುಷಿಯಾಯಿತು. ಆಮೇಲೆ ಮೂಲೆಯಲ್ಲಿದ್ದ ಸಮಯ ಕಣ್ಣಿಗೆ ಬಿತ್ತು. ರಕ್ತ ತೆಗೆದದ್ದು ಬೆಳಗ್ಗೆ 11.30ಕ್ಕೆ. ಮೊದಲ ಸಲ ತೆಗೆದದ್ದು 8.10ಕ್ಕೆ.

ನಾನು ಆಯುರ್ವೇದ ವೈದ್ಯ. ಅಶ್ವಗಂಧ, ನಮ್ಮ ಅಜ್ಜಂದಿರ ಬಾಯಲ್ಲಿ ಹಿರೇಮದ್ದು, ನಾನು ಹೆಚ್ಚು ಬರೆದುಕೊಡುವ ಮದ್ದುಗಳಲ್ಲಿ ಒಂದು. ಒತ್ತಡದಲ್ಲಿ ಏರುವ ಹಾರ್ಮೋನ್ ಆದ ಕಾರ್ಟಿಸಾಲನ್ನು ರಕ್ತದಲ್ಲಿ ಅಳೆದು ನೋಡುವ ಅಭ್ಯಾಸ ಶುರುವಾಗಿ ಕೆಲವು ವರ್ಷಗಳಾದವು. ಅಳೆಯುವುದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು. ಹಾಗಾಗಿ ಇದನ್ನೇ ಹೇಳುತ್ತೇನೆ.

ಅವರು ಮೊದಲು ಬಂದದ್ದು ಏಪ್ರಿಲ್‌ನಲ್ಲಿ. ತೋಟಕ್ಕೆ ಎಲೆಚುಕ್ಕಿ ರೋಗ ಬಂದಿತ್ತು, ಸೊಸೈಟಿ ಸಾಲದ ಗಡುವು ಹತ್ತಿರ ಬರುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಎದೆ ಡವಡವ, ಸಣ್ಣದಕ್ಕೂ ಸಿಟ್ಟು. ಔಷಧಿ ಕೊಡುವ ಮೊದಲು ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆ ಮಾಡಿಸಿದೆ. ಎರಡೂ ಸರಿ ಇದ್ದವು. ಬೆಳಗಿನ ಕಾರ್ಟಿಸಾಲ್ 19.2 ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್. ಇದು ಮಾಮೂಲಿ ಮಿತಿಯ ಒಳಗೇ ಇದೆ. ಬೆಳಗ್ಗೆ ಎಂಟರ ಹೊತ್ತಿಗೆ ಸುಮಾರು 5ರಿಂದ 25ರವರೆಗೆ ಇರಬಹುದು, ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಬದಲಾಗುತ್ತದೆ. ಒತ್ತಡದಲ್ಲಿರುವ ಎಲ್ಲರ ಕಾರ್ಟಿಸಾಲ್ ಕೆಂಪು ಗೆರೆ ದಾಟಿರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ.

ಬೇರಿನ ಸತ್ವದ ಕ್ಯಾಪ್ಸೂಲ್ ಕೊಟ್ಟೆ. 300 ಮಿಲಿಗ್ರಾಂ, ಬೆಳಗ್ಗೆ ಒಂದು ರಾತ್ರಿ ಒಂದು, ಊಟ ಆದಮೇಲೆ. ಅಶ್ವಗಂಧದ ಮುಖ್ಯ ಸತ್ವಾಂಶ ಎಂದು ಎಣಿಸುವ ವಿಥನೊಲೈಡ್ ಶೇ 5 ಎಂದು ಡಬ್ಬಿಯ ಮೇಲೆ ಇತ್ತು. ಲೆಕ್ಕ ಹಾಕಿದರೆ ದಿನಕ್ಕೆ 30 ಮಿಲಿಗ್ರಾಂ ವಿಥನೊಲೈಡ್. ಗ್ರಂಧಿಗೆ ಅಂಗಡಿಯ ಬೇರಿನ ಪುಡಿಯಲ್ಲಿ ಅದು ಸಾಮಾನ್ಯವಾಗಿ ಶೇ ಒಂದಕ್ಕಿಂತ ಕಡಿಮೆ. ಅರ್ಧ ಶೇಕಡಾ ಎಂದು ಹಿಡಿದರೆ ಇಷ್ಟೇ ವಿಥನೊಲೈಡ್‌ಗೆ 6 ಗ್ರಾಂ ಪುಡಿ ಬೇಕು. ನಾವು ಹಾಲಿನಲ್ಲಿ ಕೊಡುವ ಪ್ರಮಾಣ 3ರಿಂದ 6 ಗ್ರಾಂ. ಹಳಬರ ಲೆಕ್ಕ ಅಷ್ಟೇನೂ ತಪ್ಪಿರಲಿಲ್ಲ ಅಲ್ವಾ? ನಾನೂ ಪುಡಿಯನ್ನೇ ಇಷ್ಟಪಡುತ್ತೇನೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಪುಡಿ ಹದಿನೈದು ದಿನಕ್ಕೆ ಗಂಟು ಕಟ್ಟಿ ಬೂಷ್ಟು ಹಿಡಿಯುತ್ತದೆ. ಈ ಗಿಡವೇ ಒಣ ನೆಲದ್ದು. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಬೆಳೆದದ್ದು ನಮ್ಮಲ್ಲಿಗೆ ಬರುತ್ತದೆ. ನಮ್ಮ ನೀರು ನಿಂತ ಮಣ್ಣಿನಲ್ಲಿ ಬೇರು ಕೊಳೆತೇ ಹೋಗುತ್ತದೆ.

ಇನ್ನು ಕಾರ್ಟಿಸಾಲ್ ವಿಷಯ. ಆ ಬೆಳೆಗಾರರಿಗೆ ಅವರ ಮನೆಯ ನೀರಿನ ಟ್ಯಾಂಕ್ ಉದಾಹರಣೆ ಕೊಟ್ಟು ಹೇಳಿದ್ದೆ. ಮಿದುಳಿನ ಹೈಪೋಥಲಾಮಸ್ ಸಿಆರ್‌ಎಚ್ ಎಂಬ ಸಂದೇಶ ಕಳಿಸುತ್ತದೆ. ಅದನ್ನು ಪಡೆದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಬಿಡುತ್ತದೆ. ಎಸಿಟಿಎಚ್ ರಕ್ತದಲ್ಲಿ ಹೋಗಿ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಹೊರಬೀಳುತ್ತದೆ. ಕಾರ್ಟಿಸಾಲ್ ಸಾಕಷ್ಟಾದಾಗ ಅದೇ ಮಿದುಳಿಗೆ ಮರಳಿ "ಸಾಕು" ಎನ್ನುತ್ತದೆ. ಟ್ಯಾಂಕ್ ತುಂಬಿದಾಗ ಫ್ಲೋಟ್ ಸ್ವಿಚ್ ಮೇಲೆದ್ದು ಪಂಪ್ ನಿಲ್ಲಿಸುತ್ತದಲ್ಲ, ಹಾಗೆ. ಒತ್ತಡ ತಿಂಗಳುಗಟ್ಟಲೆ ನಡೆದರೆ ಫ್ಲೋಟ್ ಮಂದವಾಗುತ್ತದೆ. "ಸಾಕು" ಎಂದರೂ ಮಿದುಳು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

"ಹಾಗಾದ್ರೆ ಈ ಮದ್ದು ಪಂಪಿಗೋ ಫ್ಲೋಟಿಗೋ?" ಎಂದು ಅವರು ಕೇಳಿದರು. ಒಳ್ಳೆ ಪ್ರಶ್ನೆ.

ವಿಥನೊಲೈಡ್‌ಗಳು ಸ್ಟೀರಾಯ್ಡ್ ಜಾತಿಯ ಅಣುಗಳು. ಕಾರ್ಟಿಸಾಲ್‌ನಲ್ಲಿ ಇರುವಂಥದೇ ನಾಲ್ಕು ಉಂಗುರದ ಚೌಕಟ್ಟು ಇವುಗಳಲ್ಲೂ ಇದೆ. ಬದಿಯಲ್ಲಿ ಲ್ಯಾಕ್ಟೋನ್ ಎಂಬ ಇನ್ನೊಂದು ಉಂಗುರ ಜೋತಿರುತ್ತದೆ. ಈ ಹೋಲಿಕೆಯಿಂದಲೇ ಒಂದು ಊಹೆ ಹುಟ್ಟಿದೆ. ಕಾರ್ಟಿಸಾಲ್ ಕೂರುವ ಗ್ರಾಹಿಗಳ ಮೇಲೆ ಇವು ಪರಿಣಾಮ ಬೀರಿ, ಮಂದವಾದ ಫ್ಲೋಟನ್ನು ಸರಿಪಡಿಸುತ್ತಿರಬಹುದು ಎಂದು. ಮನುಷ್ಯರಲ್ಲಿ ಇದನ್ನು ತೋರಿಸಿದ್ದಾರೆ ಎನ್ನುವಷ್ಟು ಗಟ್ಟಿ ಪುರಾವೆ ಇಲ್ಲ.

ಇನ್ನೊಂದು ಊಹೆ ಇನ್ನೂ ಮೇಲಿನದು. ಮಿದುಳನ್ನು ತಣ್ಣಗಾಗಿಸುವ ಗಾಬಾ ವ್ಯವಸ್ಥೆಯನ್ನು ಅಶ್ವಗಂಧ ಎಬ್ಬಿಸುತ್ತದೆ, ಹಾಗಾಗಿ ಹೈಪೋಥಲಾಮಸ್‌ನ ಕೂಗೇ ಕಡಿಮೆಯಾಗುತ್ತದೆ ಎಂಬುದು. ಬೇರಿನ ಸತ್ವ ಗಾಬಾ ಗ್ರಾಹಿಗಳನ್ನು ಎಬ್ಬಿಸುತ್ತದೆ ಎನ್ನುವುದಕ್ಕೆ ಪ್ರಯೋಗಾಲಯದ ಸಾಕ್ಷಿ ಇದೆ. ಆದರೆ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿಥಫೆರಿನ್ ಎ, ವಿಥನೊಲೈಡ್ ಎ ಎಂಬ ಎರಡು ಹೆಸರಾಂತ ವಿಥನೊಲೈಡ್‌ಗಳನ್ನು ಬೇರ್ಪಡಿಸಿ ಹಾಕಿ ನೋಡಿದರೆ ಆ ಕೆಲಸ ಆಗಲೇ ಇಲ್ಲ. ಬೇರಿನ ಒಳಗೆ ಬೇರೆ ಏನೋ ಇದೆ. ಡಬ್ಬಿಯ ಮೇಲಿನ ಶೇಕಡಾವನ್ನೇ ಮದ್ದಿನ ಬಲ ಎಂದು ಓದುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಮನುಷ್ಯರ ಮೇಲಿನ ಪ್ರಯೋಗಗಳು? ಹೈದರಾಬಾದಿನಲ್ಲಿ 64 ಜನರ ಮೇಲೆ ನಡೆದ ಒಂದು 2012ರಲ್ಲಿ ಪ್ರಕಟವಾಯಿತು. ಇದೇ ಪ್ರಮಾಣ, 60 ದಿನ. ಮದ್ದು ತೆಗೆದುಕೊಂಡವರ ಕಾರ್ಟಿಸಾಲ್ ಶೇ 27.9 ಇಳಿಯಿತು. ಸುಳ್ಳು ಮಾತ್ರೆ ತೆಗೆದುಕೊಂಡವರದೂ ಶೇ 7.9 ಇಳಿಯಿತು. 2019ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಬೇರೆ ಬಗೆಯ ಸತ್ವ ಕೊಟ್ಟು, 60 ಜನರಲ್ಲಿ ಬೆಳಗಿನ ಕಾರ್ಟಿಸಾಲ್ ಜೊತೆಗೆ ಡಿಎಚ್ಇಎ-ಎಸ್ ಎಂಬ ಇನ್ನೊಂದು ಅಡ್ರಿನಲ್ ಹಾರ್ಮೋನ್ ಕೂಡ ನೋಡಿದರು. ಎರಡೂ ಇಳಿದಿದ್ದವು.

ಈ ಎರಡೂ ಹಾರ್ಮೋನ್‌ಗಳು ಎಸಿಟಿಎಚ್ ಮಾತು ಕೇಳುತ್ತವೆ. ಎರಡೂ ಒಟ್ಟಿಗೆ ಇಳಿದರೆ ಮೇಲಿನ ಕೂಗೇ ತಗ್ಗಿರಬಹುದು ಎಂಬ ಅನುಮಾನಕ್ಕೆ ಬಲ ಬರುತ್ತದೆ. ಆದರೆ ಅಡ್ರಿನಲ್ ಗ್ರಂಥಿಯ ಒಳಗೇ, ಎರಡಕ್ಕೂ ಸಾಮಾನ್ಯವಾದ ಮೊದಲ ಹಂತವನ್ನು ತಡೆದರೂ ಹೀಗೇ ಕಾಣುತ್ತದೆ. ಇದನ್ನು ಬಿಡಿಸಬೇಕೆಂದರೆ ಎಸಿಟಿಎಚ್ ಅಳೆಯಬೇಕು. ತಡೆ ಕೆಳಗೆ ಇದ್ದರೆ ಕಾರ್ಟಿಸಾಲ್ ಇಳಿದಾಗ ಎಸಿಟಿಎಚ್ ಏರಬೇಕು, ಟ್ಯಾಂಕ್ ತುಂಬುತ್ತಿಲ್ಲ ಎಂದು ಮೇಲಿನವರು ಇನ್ನೂ ಜೋರಾಗಿ ಕೂಗುತ್ತಾರೆ. ತಡೆ ಮೇಲೆ ಇದ್ದರೆ ಎಸಿಟಿಎಚ್ ಕೂಡ ಜೊತೆಗೇ ಇಳಿಯಬೇಕು. ಈ ಎರಡು ಪ್ರಯೋಗಗಳು ಅಳೆದದ್ದು ಕೊನೆಯ ಮೆಟ್ಟಿಲನ್ನು ಮಾತ್ರ.

ಸರಿ, ಆ ಚೀಟಿಗೆ ಬರೋಣ. ಎರಡನೇ ಸಲ ಅವರು ಬೆಳಗ್ಗೆ ಹೊರಟಾಗ ದಾರಿಗೆ ಮರ ಬಿದ್ದು ಬಸ್ ನಿಂತಿತ್ತು. ಲ್ಯಾಬ್ ತಲುಪಿದಾಗ ಹನ್ನೊಂದೂಕಾಲು. "ಖಾಲಿ ಹೊಟ್ಟೇಲೇ ಇದ್ದೀನಲ್ಲ" ಎಂದು ರಕ್ತ ಕೊಟ್ಟು ಬಂದರು. ತಪ್ಪು ನನ್ನದೇ. "ಖಾಲಿ ಹೊಟ್ಟೆ" ಎಂದು ಬರೆದಿದ್ದೆ, ಗಂಟೆ ಬರೆದಿರಲಿಲ್ಲ. ಕಾರ್ಟಿಸಾಲ್‌ಗೆ ಹೊಟ್ಟೆಗಿಂತ ಗಡಿಯಾರ ಮುಖ್ಯ. ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ತುದಿಗೆ ಏರುತ್ತದೆ. ಅಲ್ಲಿಂದ ಇಳಿಯುತ್ತಾ ಹೋಗಿ ನಡುರಾತ್ರಿ ತಳ ಮುಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಂಟು ಗಂಟೆಯ ಮಟ್ಟದ ಅರ್ಧದ ಹತ್ತಿರಕ್ಕೆ ಇಳಿದಿದ್ದರೂ ಆಶ್ಚರ್ಯವಿಲ್ಲ. 19.2ರಿಂದ 10.8, ಅಂದರೆ ಶೇ 44 ಇಳಿಕೆ. ಅದರಲ್ಲಿ ಬಹುಪಾಲು ಸೂರ್ಯನದು, ಅಶ್ವಗಂಧದ್ದಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ಕಳಿಸಿದೆ. ಈ ಸಲ ಹಿಂದಿನ ರಾತ್ರಿ ಪೇಟೆಯಲ್ಲೇ ತಂಗಿಯ ಮನೆಯಲ್ಲಿ ಉಳಿಯಲು ಹೇಳಿದೆ. ಅದೇ ಲ್ಯಾಬ್, ಎದ್ದದ್ದು ಮೊದಲಿನ ಹಾಗೆ ಐದೂವರೆಗೆ, ರಕ್ತ ತೆಗೆದದ್ದು 8.05ಕ್ಕೆ. ತೆಗೆಯುವ ಮೊದಲು ಹದಿನೈದು ನಿಮಿಷ ಸುಮ್ನೆ ಕೂತಿದ್ದರು. ಬಂದದ್ದು 16.5. ಇಳಿಕೆ ಶೇ 14.

ಇದು ಮದ್ದಿನ ಕೆಲಸವೇ? ಏನೂ ಔಷಧಿ ತೆಗೆದುಕೊಳ್ಳದ ಮನುಷ್ಯನ ಬೆಳಗಿನ ಕಾರ್ಟಿಸಾಲ್ ಕೂಡ ದಿನದಿಂದ ದಿನಕ್ಕೆ ಶೇ 15ರಷ್ಟು ಆಚೀಚೆ ಆಗುವುದು ಮಾಮೂಲಿ. ಒಬ್ಬ ರೋಗಿಯ ಎರಡು ಚೀಟಿ ಇಟ್ಟುಕೊಂಡು ಶೇ 14 ಮದ್ದಿನದು ಎಂದು ಹೇಳಲು ಬಾಯಿ ಬರುವುದಿಲ್ಲ. ಅದೂ ಅಲ್ಲದೆ ಮೇ ತಿಂಗಳಲ್ಲಿ ಸಾಲದ ಗಡುವು ಮುಂದೆ ಹೋಗಿತ್ತು. ಗಡುವು ಮುಂದೆ ಹೋದದ್ದು ಯಾವ ಗ್ರಾಹಿಯ ಮೇಲೆ ಕೆಲಸ ಮಾಡುತ್ತದೋ!

ಆದರೆ ಅವರ ನಿದ್ದೆ ಬದಲಾಗಿತ್ತು. ದಿನಾ ಕ್ಯಾಲೆಂಡರ್ ಮೇಲೆ ಎದ್ದ ಹೊತ್ತು ಬರೆಯಲು ಹೇಳಿದ್ದೆ. ಏಪ್ರಿಲ್‌ನ ಮೊದಲ ವಾರ ಏಳು ರಾತ್ರಿಯಲ್ಲಿ ಆರು ರಾತ್ರಿ ಮೂರರ ಎಚ್ಚರ. ಜೂನ್‌ನ ಎರಡನೇ ವಾರ ಎರಡು ರಾತ್ರಿ. ಈಗ ನಾನು ಕ್ಯಾಲೆಂಡರನ್ನೇ ಮೊದಲು ನೋಡುತ್ತೇನೆ, ಚೀಟಿಯನ್ನು ಆಮೇಲೆ. ಕಾರ್ಟಿಸಾಲ್ ಬರೆದರೆ ಗಂಟೆಯನ್ನೂ ಬರೆಯುತ್ತೇನೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾರಾ ಎಂದು ಕೇಳುತ್ತೇನೆ, ಅದು ಕೆಲವು ಪರೀಕ್ಷೆಗಳಲ್ಲಿ ಕಾರ್ಟಿಸಾಲ್ ಎಂದೇ ಲೆಕ್ಕಕ್ಕೆ ಬಂದುಬಿಡುತ್ತದೆ. ಗರ್ಭನಿರೋಧಕ ಮಾತ್ರೆಯ ಬಗ್ಗೆಯೂ ಕೇಳುತ್ತೇನೆ, ಅದು ಕಾರ್ಟಿಸಾಲ್ ಹೊರುವ ಪ್ರೋಟೀನ್ ಹೆಚ್ಚಿಸಿ ಸಂಖ್ಯೆಯನ್ನು ಮೇಲೆ ತೋರಿಸುತ್ತದೆ.

ಲಿವರ್ ಪರೀಕ್ಷೆ ಏಕೆ ಎಂದು ಕೆಲವರು ಗೊಣಗುತ್ತಾರೆ. ಅಶ್ವಗಂಧದಿಂದ ಕಾಮಾಲೆ ಬಂದ ಪ್ರಕರಣಗಳು ವರದಿಯಾಗಿವೆ. ವಿರಳ, ಆದರೆ ಇವೆ. ಮೈ ತುರಿಕೆ, ಗಾಢ ಬಣ್ಣದ ಮೂತ್ರ ಕಂಡರೆ ಅವತ್ತೇ ನಿಲ್ಲಿಸಿ ಬನ್ನಿ ಎಂದು ಹೇಳಿರುತ್ತೇನೆ. ಥೈರಾಯ್ಡ್ ಹಾರ್ಮೋನ್ ಕೂಡ ಏರಬಹುದು, ಅದಕ್ಕೇ ಹೈಪರ್‌ಥೈರಾಯ್ಡ್ ಇದ್ದವರಿಗೆ ಕೊಡುವುದಿಲ್ಲ. ಬಸುರಿಯರಿಗಂತೂ ಇಲ್ಲವೇ ಇಲ್ಲ. ಡಬ್ಬಿಯ ಮೇಲೆ "ಬೇರು" ಎಂದು ಇದೆಯಾ ನೋಡುತ್ತೇನೆ. ವಿಥಫೆರಿನ್ ಎ ಎಲೆಯಲ್ಲಿ ಜಾಸ್ತಿ. ಎಲೆ ಬೆರೆಸಿದರೆ ಶೇಕಡಾ ಅಗ್ಗದಲ್ಲಿ ಏರುತ್ತದೆ, ಮದ್ದು ಮಾತ್ರ ಬೇರೆಯೇ ಆಗುತ್ತದೆ. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಹೇಳಿದೆ.

ಹತ್ತು ವಾರಕ್ಕೆ ಕ್ಯಾಪ್ಸೂಲ್ ನಿಲ್ಲಿಸಿದೆ. ಜುಲೈ ಕೊನೆಗೆ, ಮದ್ದು ಬಿಟ್ಟು ತಿಂಗಳಾದ ಮೇಲೆ, ಕುತೂಹಲಕ್ಕೆ ಇನ್ನೊಂದು ಸಲ ನೋಡಿದೆವು. 8.10ಕ್ಕೆ 17.4. ಮದ್ದು ಇದ್ದಾಗಿನ 16.5ಕ್ಕೂ ಇದಕ್ಕೂ ನಡುವೆ ಏನನ್ನೂ ಓದಲು ಆಗುವುದಿಲ್ಲ. ಚೀಟಿ ತೋರಿಸಿ ಹಾಗೇ ಹೇಳಿದೆ.

"ನಿದ್ದೆ ಬರ್ತಿದೆಯಲ್ಲ ಡಾಕ್ಟ್ರೇ" ಎಂದು ಅವರು ಎದ್ದರು. ಮಳೆ ಸ್ವಲ್ಪ ಹೊಳವಾಗಿತ್ತು. ತೋಟಕ್ಕೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಯಲು ಕೊನೆಗಾರ ಬಂದು ಕಾಯುತ್ತಿದ್ದಾನಂತೆ.