ಹಳೆಯ ಸಹೋದ್ಯೋಗಿಯ ಹೊಸ ತಂಡ ಸೇರುವ ಆಸೆಯೇ? ಸಂದೇಶ ಹೀಗೆ ಬರೆಯಿರಿ

'ಹೇಗಿದ್ದೀರಿ ಮೇಡಂ? ಹೊಸ ಹೊಣೆಗೆ ಅಭಿನಂದನೆಗಳು. ನಿಮ್ಮಲ್ಲಿ ಏನಾದರೂ ಅವಕಾಶ ಇದ್ದರೆ ತಿಳಿಸಿ.'

ಜೊತೆಯಲ್ಲಿ ಕೆಲಸ ಮಾಡಿದವರು ಬೇರೆ ಕಂಪನಿಗೆ ಹೋಗಿ ತಂಡದ ಮುಖ್ಯಸ್ಥರಾದ ಸುದ್ದಿ ತಿಳಿದಾಗ ಹೆಚ್ಚಿನವರು ಕಳುಹಿಸುವ ಸಂದೇಶ ಇದು. 'ಖಂಡಿತ ತಿಳಿಸುತ್ತೇನೆ' ಎಂಬ ಉತ್ತರವೂ ಅಂದೇ ಬರುತ್ತದೆ. ಆಮೇಲೆ ಏನೂ ಬರುವುದಿಲ್ಲ. ಆಕೆಗೆ ಮನಸ್ಸಿಲ್ಲವೆಂದಲ್ಲ. ಈ ಸಾಲು ಎಲ್ಲ ಕೆಲಸವನ್ನೂ ಅವರ ತಲೆಗೇ ಕಟ್ಟುತ್ತದೆ. ಯಾವ ಹುದ್ದೆ ಬೇಕು, ಈಗ ಏನು ಮಾಡುತ್ತಿದ್ದೀರಿ, ನಿಜವಾಗಿ ಕೆಲಸ ಬಿಡಲು ಸಿದ್ಧರಿದ್ದೀರೋ ಇಲ್ಲವೋ, ಎಂದಿಗೆ ಬರಬಲ್ಲಿರಿ, ಇವೆಲ್ಲವನ್ನೂ ಅವರೇ ಕೇಳಿ ತಿಳಿಯಬೇಕು. ಹೊಸ ತಂಡ ಕಟ್ಟುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಇನ್ನೊಂದು ವಿಷಯವಿದೆ. ತಂಡದ ಮುಖ್ಯಸ್ಥರಾದ ಮಾತ್ರಕ್ಕೆ ಅವರೊಬ್ಬರೇ ನಿಮ್ಮನ್ನು ಸೇರಿಸಿಕೊಳ್ಳಲಾಗದು. ಹುದ್ದೆಗೆ ಮಂಜೂರಾತಿ ಬೇಕು, ಎಚ್‌ಆರ್ ವಿಭಾಗ ಅದನ್ನು ತೆರೆಯಬೇಕು, ಸಂದರ್ಶನದಲ್ಲಿ ನಿಮ್ಮ ಪರಿಚಯವೇ ಇಲ್ಲದ ಇಬ್ಬರು ಮೂವರು ಒಪ್ಪಬೇಕು. ಹಾಗಾಗಿ ನಿಮ್ಮ ಸಂದೇಶವನ್ನು ಕಡೆಗೆ ಓದುವವರು ಅವರಲ್ಲ, ಅವರ ಪಕ್ಕದಲ್ಲಿರುವವರು. ಬರೆದು ಮುಗಿಸಿದ ಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಅವರು ಒಂದಕ್ಷರವನ್ನೂ ಬದಲಿಸದೆ ಎಚ್‌ಆರ್‌ಗೆ ರವಾನಿಸಬಹುದೇ? ಆಗದಿದ್ದರೆ ಸಂದೇಶ ಇನ್ನೂ ಸಿದ್ಧವಾಗಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಸೇವಾ ಕಂಪನಿಯಲ್ಲಿ ಪಾವತಿಗಳ ರಿಕನ್ಸಿಲಿಯೇಷನ್ ಮಾಡುವ ತರುಣ. ಅಂದರೆ ಬ್ಯಾಂಕಿನಿಂದ ಬರುವ ಸೆಟಲ್‌ಮೆಂಟ್ ಕಡತವನ್ನು ತಮ್ಮ ಲೆಕ್ಕದೊಂದಿಗೆ ದಿನವೂ ತಾಳೆ ನೋಡುವ ಕೆಲಸ. ಅವರ ಟೀಮ್ ಲೀಡ್ ಆಗಿದ್ದ ಮೇಡಂ ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟು, ಈಗ ಒಂದು ಪಾವತಿ ಕಂಪನಿಯಲ್ಲಿ ಇದೇ ಕೆಲಸಕ್ಕೆ ಹೊಸ ತಂಡ ಕಟ್ಟುತ್ತಿದ್ದಾರೆ.

ಬರೆಯುವ ಮುನ್ನ

ಮೊದಲು ಆ ಕಂಪನಿಯ ಜಾಲತಾಣದಲ್ಲಿ ಉದ್ಯೋಗಗಳ ಪುಟ ನೋಡಿ. ಹುದ್ದೆ ಪ್ರಕಟವಾಗಿದ್ದರೆ ಅದರ ಹೆಸರು ಮತ್ತು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 'ಏನಾದರೂ ಅವಕಾಶ' ಎಂಬುದು 'ಈ ಹುದ್ದೆ' ಎಂದಾದ ಕೂಡಲೇ ಉತ್ತರಿಸುವುದು ಸುಲಭವಾಗುತ್ತದೆ. ಹುದ್ದೆ ಕಾಣದಿದ್ದರೂ ಬರೆಯಬಹುದು. ಆದರೆ ಆಗ ಕೇಳಬೇಕಾದದ್ದು ಕೆಲಸವನ್ನಲ್ಲ. ಮುಂದಿನ ತಿಂಗಳುಗಳಲ್ಲಿ ಜನ ಬೇಕಾಗಬಹುದೇ ಎಂಬುದನ್ನು.

ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ನಿಮ್ಮ ರೆಸ್ಯೂಮೆ ಆ ಕಂಪನಿಗೆ ಮೊದಲೇ ತಲುಪಿದೆಯೇ? ಅನೇಕ ಕಂಪನಿಗಳಲ್ಲಿ, ಅಭ್ಯರ್ಥಿಯ ವಿವರ ಯಾವುದಾದರೂ ಕನ್ಸಲ್ಟೆನ್ಸಿಯ ಮೂಲಕ ಬಂದು ದಾಖಲಾದರೆ ಕೆಲವು ತಿಂಗಳ ಕಾಲ ಆ ಹೆಸರು ಅದೇ ಕನ್ಸಲ್ಟೆನ್ಸಿಯ ಲೆಕ್ಕದಲ್ಲಿ ಉಳಿಯುತ್ತದೆ. ಆ ಅವಧಿಯಲ್ಲಿ ಒಳಗಿನವರು ರೆಫರ್ ಮಾಡಿದರೂ ಕಂಪ್ಯೂಟರ್ ಒಪ್ಪುವುದಿಲ್ಲ. ನೀವೇ ಅರ್ಜಿ ಹಾಕಿದ್ದರೂ ಕೆಲವೆಡೆ ಹೀಗೆಯೇ. ಆದ್ದರಿಂದ ಮೊದಲು ಸಂದೇಶ, ಅರ್ಜಿ ಆಮೇಲೆ. ಈಗಾಗಲೇ ಅರ್ಜಿ ಹೋಗಿದ್ದರೆ ಅದನ್ನು ಮುಚ್ಚಿಡದೆ ಮೊದಲ ಸಂದೇಶದಲ್ಲೇ ಹೇಳಿಬಿಡಿ. ರೆಫರ್ ಮಾಡಲು ಹೊರಟು 'ಈ ಹೆಸರು ಆಗಲೇ ಇದೆ' ಎಂಬ ಉತ್ತರ ಬಂದರೆ ಮುಜುಗರ ಪಡುವವರು ಅವರು.

ಮೂರನೆಯದು ಕಾಗದಪತ್ರ. ನಿಮ್ಮ ನೇಮಕಾತಿ ಪತ್ರ ತೆಗೆದು ನೋಟಿಸ್ ಅವಧಿ ಎಷ್ಟೆಂದು ನೋಡಿ. ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ 90 ದಿನ ಸಾಮಾನ್ಯ. ಅವರ ಪತ್ರದ ಬಗ್ಗೆಯೂ ಯೋಚಿಸಿ. ಕೆಲಸ ಬಿಟ್ಟು ಹೋಗುವವರು ಒಂದಷ್ಟು ಕಾಲ, ಅನೇಕ ಕಡೆ ಒಂದು ವರ್ಷ, ಹಳೆಯ ಸಹೋದ್ಯೋಗಿಗಳನ್ನು ತಮ್ಮತ್ತ ಸೆಳೆಯುವುದಿಲ್ಲವೆಂದು ಬರೆದುಕೊಟ್ಟಿರುವುದುಂಟು. ನಮ್ಮ ಉದಾಹರಣೆಯ ಮೇಡಂ ಹೊರಬಂದು ಎಂಟೇ ತಿಂಗಳಾಗಿದೆ; ತರುಣ ಇನ್ನೂ ಅದೇ ಹಳೆಯ ಕಂಪನಿಯಲ್ಲಿದ್ದಾರೆ. ಹಾಗೆಂದು ತರುಣನಿಗೆ ಬಾಗಿಲು ಮುಚ್ಚಿದಂತಲ್ಲ. ಕಾನೂನುಬದ್ಧ ವೃತ್ತಿ ಅಥವಾ ವ್ಯಾಪಾರ ಮಾಡದಂತೆ ಒಬ್ಬರನ್ನು ತಡೆಯುವ ಒಪ್ಪಂದ, ಆ ತಡೆಯ ಮಟ್ಟಿಗೆ ಅಸಿಂಧು ಎಂದು 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೆ ಮೇಡಂ ಕೊಟ್ಟಿರಬಹುದಾದ ಮಾತು ಬೇರೆ. ಅವರು ಕರೆದದ್ದಲ್ಲ, ತಾನೇ ಪ್ರಕಟಣೆ ನೋಡಿ ಬಂದೆ ಎಂಬುದು ಸಂದೇಶದಿಂದಲೇ ಸ್ಪಷ್ಟವಾಗಿರಲಿ. ಅವರನ್ನು ಇಕ್ಕಟ್ಟಿಗೆ ಸಿಲುಕಿಸದಂತೆ ನಡೆದುಕೊಳ್ಳುವುದು ನಿಮ್ಮ ಕರ್ತವ್ಯವೂ ಹೌದು.

ಎಲ್ಲಿಂದ, ಯಾವಾಗ

ಕಚೇರಿಯ ಇಮೇಲ್, ಕಚೇರಿಯ ಚಾಟ್, ಕಚೇರಿಯ ಲ್ಯಾಪ್‌ಟಾಪ್ ಮೂರನ್ನೂ ದೂರವಿಡಿ. ಅವುಗಳ ಮೇಲೆ ಕಂಪನಿ ಕಣ್ಣಿಡಬಹುದು. ನೀವಿಬ್ಬರೂ ಹಿಂದೆ ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡುತ್ತಿದ್ದರೆ ಅಲ್ಲೇ ಬರೆಯಿರಿ, ಇಲ್ಲವಾದರೆ ಲಿಂಕ್ಡ್‌ಇನ್. ಅವರು ಅಧಿಕಾರ ವಹಿಸಿಕೊಂಡ ವಾರವೇ ಬೇಡ. ಆಗ ಬರುವ ಅಭಿನಂದನೆಗಳ ರಾಶಿಯಲ್ಲಿ ನಿಮ್ಮದು ಕಳೆದುಹೋಗುತ್ತದೆ, ತಮಗೆಷ್ಟು ಜನ ಬೇಕೆಂಬುದು ಅವರಿಗೂ ಗೊತ್ತಿರುವುದಿಲ್ಲ. ಅಭಿನಂದನೆಯನ್ನು ಮಾತ್ರ ಆಗಲೇ ತಿಳಿಸಿ, ಕೇಳಿಕೆಯನ್ನು ಒಂದೂವರೆ ತಿಂಗಳ ನಂತರಕ್ಕೆ ಇಟ್ಟುಕೊಳ್ಳಿ. ಅಷ್ಟರೊಳಗೆ ಹುದ್ದೆ ಪ್ರಕಟವಾದರೆ ಕಾಯಬೇಕಿಲ್ಲ.

ಬರೆಯುವುದು

ಎರಡು ಸಂದೇಶ ಬರೆಯಿರಿ. ಒಂದು ಅವರಿಗೆ, ಇನ್ನೊಂದು ಅವರು ರವಾನಿಸಲಿಕ್ಕೆ. ನೀವಿಬ್ಬರೂ ಕನ್ನಡದಲ್ಲಿ ಮಾತನಾಡುತ್ತಿದ್ದರೆ ಮೊದಲನೆಯದು ಕನ್ನಡದಲ್ಲೇ ಇರಲಿ. ಆ ಸಲುಗೆಯನ್ನು ಇಂಗ್ಲಿಷ್ ಕೆಡಿಸುತ್ತದೆ. ಎರಡನೆಯದನ್ನು ಓದುವವರಿಗೆ ಕನ್ನಡ ಬರದಿರಬಹುದು, ಅದನ್ನು ಇಂಗ್ಲಿಷಿನಲ್ಲಿ ಬರೆಯುವುದೇ ಸರಿ. ಇಲ್ಲಿ ಎರಡನ್ನೂ ಕನ್ನಡದಲ್ಲಿ ಕೊಟ್ಟಿದ್ದೇನೆ.

ಮೊದಲನೆಯದು:

> ಮೇಡಂ, ನಮಸ್ಕಾರ. ಹೊಸ ತಂಡ ಹೇಗೆ ನಡೆಯುತ್ತಿದೆ? 2020ರಲ್ಲಿ ಎಕ್ಸೆಲ್ ಕಡತದಲ್ಲಿ ಆರ್‌ಆರ್‌ಎನ್‌ಗಳ ಮೊದಲ ಸೊನ್ನೆ ಹಾರಿಹೋಗಿ ಯಾವ ವಹಿವಾಟೂ ತಾಳೆಯಾಗದೆ ನಿಂತಾಗ, ಆ ಕಾಲಂ ಅನ್ನು ಟೆಕ್ಸ್ಟ್ ಆಗಿ ತೆರೆಯಬೇಕೆಂದು ಹೇಳಿಕೊಟ್ಟವರು ನೀವು. ಈಗಲೂ ಹೊಸಬರಿಗೆ ಮೊದಲ ದಿನ ಅದನ್ನೇ ಕಲಿಸುತ್ತೇನೆ.
>
> ನಿಮ್ಮ ಕಂಪನಿಯ ಜಾಲತಾಣದಲ್ಲಿ ರಿಕನ್ಸಿಲಿಯೇಷನ್ ಸೀನಿಯರ್ ಅನಲಿಸ್ಟ್ ಹುದ್ದೆಯ ಪ್ರಕಟಣೆ ನೋಡಿದೆ. ನಿಮ್ಮ ತಂಡದ್ದೇ ಇರಬಹುದೆಂದುಕೊಂಡು ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ನನಗೆ ನಿಜವಾದ ಆಸಕ್ತಿ ಇದೆ. ಅಲ್ಲಿಗೆ ಇನ್ನೂ ಅರ್ಜಿ ಹಾಕಿಲ್ಲ, ಯಾವ ಕನ್ಸಲ್ಟೆನ್ಸಿಗೂ ರೆಸ್ಯೂಮೆ ಕೊಟ್ಟಿಲ್ಲ. ನನ್ನ ವಿವರವನ್ನು ಕೆಳಗೆ ಪ್ರತ್ಯೇಕವಾಗಿ ಹಾಕಿದ್ದೇನೆ, ಸರಿಯೆನಿಸಿದರೆ ಎಚ್‌ಆರ್‌ಗೆ ಕಳುಹಿಸಬಹುದು. ನೇರವಾಗಿ ಅರ್ಜಿ ಹಾಕುವುದೇ ಒಳ್ಳೆಯದೆಂದರೆ ಹಾಗೆಯೇ ಮಾಡುತ್ತೇನೆ.
>
> ನನ್ನ ಅನುಭವ ಈ ಹುದ್ದೆಗೆ ಹೊಂದದಿದ್ದರೆ ಸಂಕೋಚವಿಲ್ಲದೆ ಒಂದು ಸಾಲು ತಿಳಿಸಿ. ಇಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ಸದ್ಯ ಹಳೆಯ ಕಚೇರಿಯವರಿಗೆ ತಿಳಿಯದಿರಲಿ.

ಎರಡನೆಯದು:

> ಪಾವತಿಗಳ ರಿಕನ್ಸಿಲಿಯೇಷನ್‌ನಲ್ಲಿ ಆರು ವರ್ಷಕ್ಕೂ ಹೆಚ್ಚಿನ ಅನುಭವ. ಯುಪಿಐ ಮತ್ತು ಕಾರ್ಡ್ ಸೆಟಲ್‌ಮೆಂಟ್ ಕಡತಗಳನ್ನು ದಿನವೂ ತಾಳೆ ನೋಡುವುದು, ತಾಳೆಯಾಗದ ನಮೂದುಗಳ ಕಾರಣ ಹುಡುಕಿ ಬ್ಯಾಂಕಿನೊಂದಿಗೆ ಬಗೆಹರಿಸುವುದು ನನ್ನ ಹೊಣೆ. ಎಕ್ಸೆಲ್‌ನಲ್ಲಿ ಕೈಯಿಂದ ಮಾಡುತ್ತಿದ್ದ ತಾಳೆಯನ್ನು ಎಸ್‌ಕ್ಯೂಎಲ್‌ಗೆ ತಂದೆ; ಮಧ್ಯಾಹ್ನ ಸಿದ್ಧವಾಗುತ್ತಿದ್ದ ಬಾಕಿ ಪಟ್ಟಿ ಈಗ ಬೆಳಗ್ಗೆ 10ಕ್ಕೆ ಸಿದ್ಧ. ಬೆಂಗಳೂರಿನಲ್ಲಿ ವಾಸ. ನೋಟಿಸ್ ಅವಧಿ 90 ದಿನ. ರೆಸ್ಯೂಮೆ ಲಗತ್ತಿಸಿದೆ.

ಸೊನ್ನೆಯ ಪ್ರಸಂಗ ಇಲ್ಲಿ ಸುಮ್ಮನೆ ಬಂದಿಲ್ಲ. ಯುಪಿಐ ವಹಿವಾಟಿನ ಗುರುತು ಸಂಖ್ಯೆಯಾದ ಆರ್‌ಆರ್‌ಎನ್‌ಗೆ 12 ಅಂಕಿಗಳು, ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ಹಾಗಾಗಿ 2020ರಲ್ಲಿ ಅದು ಸೊನ್ನೆಯಿಂದ ಶುರುವಾಗುತ್ತಿತ್ತು, ಎಕ್ಸೆಲ್ ಅದನ್ನು ಬರೀ ಅಂಕಿ ಎಂದು ತಿಳಿದು ಸೊನ್ನೆಯನ್ನು ನುಂಗುತ್ತಿತ್ತು. ಆ ದಿನಗಳಲ್ಲಿ ಈ ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುವ ಕಷ್ಟ ಇದು. 'ನಿಮ್ಮೊಡನೆ ಕಳೆದ ದಿನಗಳು ಮರೆಯಲಾಗದವು' ಎಂದು ಹತ್ತು ಸಲ ಬರೆದರೂ ಆಗದ ಕೆಲಸವನ್ನು ಈ ಒಂದು ವಾಕ್ಯ ಮಾಡುತ್ತದೆ: ಹಳೆಯದನ್ನು ನೆನಪಿಗೆ ತರುತ್ತದೆ, ನಿಮಗೆ ಕೆಲಸದ ಒಳಗುಟ್ಟು ಗೊತ್ತೆಂದು ತೋರಿಸುತ್ತದೆ. ನಿಮ್ಮ ವೃತ್ತಿ ಯಾವುದೇ ಇರಲಿ, ಇಬ್ಬರೂ ಸೇರಿ ಬಿಡಿಸಿದ ಇಂತಹ ಒಂದು ತೊಡಕನ್ನು ನೆನೆಸಿಕೊಳ್ಳಿ. ಜಗಳವಾಗಿದ್ದ ಪ್ರಸಂಗ ಬೇಡ. ಹಳೆಯ ಮ್ಯಾನೇಜರರ ಮೇಲಿನ ದೂರಂತೂ ಬೇಡವೇ ಬೇಡ. ಅದು ಎಚ್‌ಆರ್‌ನ ಕೈಗೆ ಹೋದರೆ ನಿಮಗೇ ಮುಳುವು.

ಎರಡನೆಯ ಸಂದೇಶದಲ್ಲಿ ಬ್ಯಾಂಕಿನ ಹೆಸರಿಲ್ಲ, ವಹಿವಾಟಿನ ಮೊತ್ತವಿಲ್ಲ. ಗ್ರಾಹಕ ಸಂಸ್ಥೆಯ ವಿವರ ಹೊರಗೆಡವುವುದಿಲ್ಲವೆಂದು ನೀವು ಸಹಿ ಹಾಕಿರುತ್ತೀರಿ. ಅದನ್ನು ಮುರಿದು ಬರೆದರೆ, ನಾಳೆ ತಮ್ಮ ಗುಟ್ಟನ್ನೂ ಹೀಗೆಯೇ ಹೇಳಿಯಾನು ಎಂದು ಓದುವವರು ಎಣಿಸುತ್ತಾರೆ. ಸಂಬಳದ ಮಾತೂ ಇಲ್ಲಿ ಬೇಡ, ಎಚ್‌ಆರ್ ಕೇಳುವವರೆಗೆ ತಡೆಯಿರಿ. ನೋಟಿಸ್ ಅವಧಿಯನ್ನು ಮಾತ್ರ ಅಡಗಿಸಬೇಡಿ. 90 ದಿನ ಎಂದರೆ ಬೇಡವೆಂದಾರು ಎಂಬ ಭಯದಿಂದ ಅದನ್ನು ಬಿಟ್ಟವರು ಸಂದರ್ಶನದ ಕೊನೆಯ ಸುತ್ತಿನಲ್ಲಿ ಸಿಕ್ಕಿಬೀಳುತ್ತಾರೆ. ಆಗ ಮಾತು ಹೋಗುವುದು ನಿಮ್ಮನ್ನು ಶಿಫಾರಸು ಮಾಡಿದವರದು.

ಉತ್ತರ ಬಂದ ಮೇಲೆ

'ನೇರವಾಗಿ ಅರ್ಜಿ ಹಾಕಿ' ಎಂದರೆ ಕೈಕೊಡವಿದರೆಂದು ಬೇಸರಪಡಬೇಡಿ. ಹಳೆಯ ಕಂಪನಿಗೆ ಬರೆದುಕೊಟ್ಟ ಮಾತಿನ ಕಾರಣದಿಂದ ರೆಫರ್ ಮಾಡಲು ಅವರಿಗೆ ಆಗದಿರಬಹುದು. ಅಂದೇ ಅರ್ಜಿ ಹಾಕಿ, ಅರ್ಜಿಯ ಸಂಖ್ಯೆಯನ್ನು ಒಂದು ಸಾಲಿನಲ್ಲಿ ತಿಳಿಸಿ ಸುಮ್ಮನಾಗಿ. ಏಕೆ ಎಂದು ಕೇಳಬೇಡಿ.

'ಈಗ ಹುದ್ದೆ ಇಲ್ಲ, ಮುಂದಿನ ವರ್ಷ ನೋಡೋಣ' ಎಂದರೆ, ಅವರ ಕಂಪನಿಯ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಶುರುವೋ ಜನವರಿಯಲ್ಲೋ ಎಂದು ಕೇಳಿ ತಿಳಿಯಿರಿ. ವಿದೇಶಿ ಮೂಲದ ಕಂಪನಿಗಳಲ್ಲಿ ಬಹಳಷ್ಟಕ್ಕೆ ಜನವರಿ. ಹೊಸ ಹುದ್ದೆಗಳಿಗೆ ಮಂಜೂರಾತಿ ಸಿಗುವುದು ಹೆಚ್ಚಾಗಿ ಆ ಹೊತ್ತಿಗೆ. ಮತ್ತೆ ಬರೆಯಲು ಅದೇ ಸಮಯ.

ಉತ್ತರವೇ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. 'ಮೇಡಂ, ನನ್ನ ಸಂದೇಶ ನೋಡಿದಿರಾ' ಎಂದಲ್ಲ. 'ಆ ಹುದ್ದೆಗೆ ಅರ್ಜಿ ಹಾಕುವ ಕೊನೆಯ ದಿನ ಶುಕ್ರವಾರ ಎಂದಿದೆ. ನಿಮ್ಮಿಂದ ಬೇರೆ ಸೂಚನೆ ಬಾರದಿದ್ದರೆ ಗುರುವಾರ ಜಾಲತಾಣದಲ್ಲೇ ಹಾಕಿಬಿಡುತ್ತೇನೆ' ಎಂದು ಬರೆಯಿರಿ. ಬಿಡುವಿಲ್ಲದವರು ಇದಕ್ಕೆ 'ಸರಿ' ಎಂದರೂ ಸಾಕು, ಏನೂ ಹೇಳದಿದ್ದರೂ ನಿಮ್ಮ ದಾರಿ ನಿಲ್ಲುವುದಿಲ್ಲ. ಮೂರನೆಯ ಸಲ ಬರೆಯಬೇಡಿ. ಗುರುವಾರ ಅರ್ಜಿ ಹಾಕಿ.